ಪದಚರ್ಚೆ: ‘ನರ ಬ್ಲಾಕ್ ಆಗಿದೆ’, ‘ನರ ಸತ್ತಿದೆ’ – ಇಎಂಜಿ ರಿಪೋರ್ಟನ್ನು ಮನೆಯವರಿಗೆ ಹೇಗೆ ಹೇಳುವುದು?

ತುಮಕೂರಿನಿಂದ, ಫಿಸಿಯೋಥೆರಪಿಸ್ಟ್ ಒಬ್ಬರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕೈಕಾಲಿನ ನರಕ್ಕೆ ಪೆಟ್ಟಾದವರ ಮನೆಯವರಿಗೆ ಕೊಡೋಕೆ ಒಂದು ಪುಟದ ಕನ್ನಡ ಹಾಳೆ ಬರೆಯುತ್ತಿದ್ದೇನೆ. ಪೆಟ್ಟು ಎಷ್ಟು ಜೋರು, ವಾಸಿಯಾಗಲು ಎಷ್ಟು ದಿನ, ನರಕ್ಕೆ ಕರೆಂಟ್ ಕೊಟ್ಟು, ಸ್ನಾಯುವಿಗೆ ಸೂಜಿ ಚುಚ್ಚಿ ನೋಡುವ ಇಎಂಜಿ ಟೆಸ್ಟ್ ಯಾವಾಗ ಮಾಡಿಸಬೇಕು, ಇಷ್ಟೇ ವಿಷಯ. ಆದರೆ ಪದಗಳ ಹತ್ತಿರ ಬಂದು ನಿಂತಿದ್ದೇನೆ. ಒಂದು ಕೇಸ್ ಹೇಳಿದರೆ ನನ್ನ ಕಷ್ಟ ಅರ್ಥವಾಗುತ್ತೆ.

ಗುಬ್ಬಿ ಕಡೆಯ ಒಬ್ಬ ಯುವಕ ಬೈಕಿನಿಂದ ಬಿದ್ದು ತೋಳಿನ ಮೂಳೆ ನಡುಮಧ್ಯ ಮುರಿದುಕೊಂಡ. ಚರ್ಮ ಹರಿದಿರಲಿಲ್ಲ. ಆದರೆ ಬಿದ್ದ ಕ್ಷಣದಿಂದಲೇ ಮಣಿಕಟ್ಟು ಜೋತುಬಿತ್ತು. ಕೈ ಮೇಲಕ್ಕೆತ್ತೋಕೆ, ಬೆರಳು ಬಿಚ್ಚೋಕೆ ಆಗುತ್ತಿರಲಿಲ್ಲ. ತೋಳಿನ ಮೂಳೆಯನ್ನು ಹಿಂದಿನಿಂದ ಸುತ್ತಿ ಬರುವ ರೇಡಿಯಲ್ ನರಕ್ಕೆ ಪೆಟ್ಟಾಗಿತ್ತು. ಆತಂಕದಲ್ಲಿ ಮನೆಯವರು ನಾಲ್ಕನೇ ದಿನವೇ ಒಂದು ಕಡೆ ಇಎಂಜಿ ಮಾಡಿಸಿದರು. ಮುರಿದ ಜಾಗದಲ್ಲಿ ‘ಕಂಡಕ್ಷನ್ ಬ್ಲಾಕ್’ ಇದೆ, ಅದರ ಕೆಳಗೆ ನರ ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ರಿಪೋರ್ಟ್ ಬಂತು. ನಾಲ್ಕು ವಾರ ಆದಮೇಲೆ ಇನ್ನೊಂದು ಇಎಂಜಿ ಆಯಿತು. ಅದರಲ್ಲಿ ಮೊಣಕೈ ಹತ್ತಿರ ಕರೆಂಟ್ ಕೊಟ್ಟರೂ ಬಹುತೇಕ ಏನೂ ಬರಲಿಲ್ಲ.

ಅವರ ತಂದೆ ನನ್ನ ಮುಂದೆ ಕೂತು ಕೇಳಿದ್ದು ಎರಡೇ ಮಾತು. ‘ಬ್ಲಾಕ್ ಅಂದ್ರೆ ಹಾರ್ಟ್‌ಗೆ ಹಾಕ್ತಾರಲ್ಲ, ಹಂಗೆ ಸ್ಟೆಂಟ್ ಹಾಕಬಹುದಾ?’ ಆಮೇಲೆ, ‘ಮೊದಲು ಚೆನ್ನಾಗಿದ್ದ ನರವನ್ನು ಈ ಒಂದು ತಿಂಗಳಲ್ಲಿ ಸಾಯಿಸಿದ್ದು ಯಾರು?’

ಯಾರೂ ಸಾಯಿಸಿಲ್ಲ. ಅದನ್ನು ಅವರಿಗೆ ಕನ್ನಡದಲ್ಲಿ ಸರಿಯಾಗಿ ಹೇಳೋ ಮಾತು ನನಗೆ ಬೇಕು. ನ್ಯೂರಪ್ರಾಕ್ಸಿಯಾ, ಆಕ್ಸಾನಾಟ್ಮೆಸಿಸ್, ನ್ಯೂರಾಟ್ಮೆಸಿಸ್ ಅನ್ನೋ ನರದ ಪೆಟ್ಟಿನ ಈ ಮೂರು ಬಗೆಗೂ ಓದಿದ ಕೂಡಲೇ ತಿಳಿಯೋ ಮಾತು ಯಾವುದು? ‘ಸತ್ತಿದೆ’ ಅನ್ನಬಹುದಾ? ‘ಬ್ಲಾಕ್’ ಬದಲು ಏನು ಹೇಳಬಹುದು?

ಚಿಕ್ಕಬಳ್ಳಾಪುರದಿಂದ, ವಿಜ್ಞಾನ ಮೇಷ್ಟ್ರು

ಮೇಡಂ, ಇದು ಅಷ್ಟು ಕಷ್ಟ ಇಲ್ಲ ಅನ್ಸುತ್ತೆ. ಸೆಡನ್ ಅನ್ನೋ ಬ್ರಿಟಿಷ್ ಸರ್ಜನ್ 1943ರಲ್ಲೇ ಮೂರು ದರ್ಜೆ ಮಾಡಿದ್ದಾರೆ. ನೀವೂ ಒಂದನೇ ದರ್ಜೆ, ಎರಡನೇ ದರ್ಜೆ, ಮೂರನೇ ದರ್ಜೆ ಅಂತ ಬರೆದುಬಿಡಿ. ಒಂದನೆಯದು ಮೂರು ವಾರದಲ್ಲಿ ವಾಸಿ, ಎರಡನೆಯದು ತಿಂಗಳುಗಟ್ಟಲೆ, ಮೂರನೆಯದಕ್ಕೆ ಆಪರೇಷನ್. ಯಾವ ದರ್ಜೆ ಅಂತ ಇಎಂಜಿ ಹೇಳುತ್ತೆ. ಜನಕ್ಕೆ ಬೋರ್‌ವೆಲ್ ಮೋಟಾರಿನ ಕೇಬಲ್ ಉದಾಹರಣೆ ಕೊಡಿ. ಕೇಬಲ್ ಜಜ್ಜಿದೆ, ಒಳಗಿನ ತಂತಿ ತುಂಡಾಗಿ ಮೇಲಿನ ರಬ್ಬರ್ ಉಳಿದಿದೆ, ಪೂರ್ತಿ ಕಟ್ ಆಗಿದೆ. ನಮ್ಮ ಜಿಲ್ಲೆಯಲ್ಲಿ ಇದು ಗೊತ್ತಿಲ್ಲದ ಮನೆ ಇಲ್ಲ.

ಚಿಂತಾಮಣಿಯಿಂದ

ನನಗೂ ಇದೇ ಆಗಿತ್ತು ಅಕ್ಕ, ಆದರೆ ಕಾಲಿಗೆ. ಟೊಮೆಟೊ ಬಿಡಿಸೋ ಕಾಲದಲ್ಲಿ ದಿನವಿಡೀ ಕುಕ್ಕುರುಗಾಲಲ್ಲಿ ಕೂತು ಕೆಲಸ ಮಾಡಿದ್ದೆ. ಸಂಜೆ ಎದ್ದರೆ ಬಲಗಾಲಿನ ಪಾದ ಮೇಲಕ್ಕೆ ಏಳ್ತಾನೇ ಇಲ್ಲ. ನಡೆದರೆ ಚಪ್ಪಲಿ ಕಳಚಿ ಬೀಳ್ತಿತ್ತು, ಹೆಬ್ಬೆಟ್ಟು ಎಡವುತ್ತಿತ್ತು. ಮಂಡಿ ಹೊರಬದಿಯಲ್ಲಿ ನರ ಒತ್ತಿಕೊಂಡಿದೆ, ಹಂಗೆ ಕೂರಬೇಡಿ ಅಂತ ಡಾಕ್ಟರ್ ಹೇಳಿದರು. ಒಂದೂವರೆ ತಿಂಗಳಲ್ಲಿ ತಾನಾಗಿಯೇ ಸರಿಹೋಯಿತು. ಇಎಂಜಿ ಗಿಎಂಜಿ ಏನೂ ಮಾಡಿಸಲಿಲ್ಲ. ಆ ಹುಡುಗನಿಗೂ ಸುಮ್ನೆ ಕಾಯಲು ಹೇಳಿ. ನಮ್ಮ ಕಡೆ ಇದಕ್ಕೆ ‘ನರ ಜೋಮು ಹಿಡಿದಿದೆ’ ಅಂತಾರೆ. ನಿಮ್ಮ ಹಾಳೆಗೆ ಅದೇ ಪದ ಸಾಕಲ್ವಾ?

ಕೋಲಾರದಿಂದ, ನರರೋಗ ವಿಭಾಗದಲ್ಲಿ ಇಎಂಜಿ ಮಾಡುವ ವೈದ್ಯೆ

ಮೊದಲು ಆ ತಂದೆಯ ಎರಡನೇ ಪ್ರಶ್ನೆ ತೆಗೆದುಕೊಳ್ಳೋಣ. ಪದಗಳ ತೊಡಕೆಲ್ಲ ಅಲ್ಲೇ ಇದೆ.

ನರ ಅಂದರೆ ಸಾವಿರಾರು ಸಣ್ಣ ಎಳೆಗಳ ಕಟ್ಟು. ಎಳೆಯ ಮೇಲೆ ಹೊದಿಕೆ, ಅದರ ಸುತ್ತ ಕೊಳವೆ. ಎಳೆ ತುಂಡಾದರೆ ತುಂಡಾದ ಜಾಗದಿಂದ ಕೆಳಗಿನ ಭಾಗ ಸಾಯಲೇಬೇಕು. ಅದರ ಜೀವ ಇರುವುದು ಮೇಲೆ, ಬೆನ್ನುಹುರಿಯ ಕಡೆ. ಆದರೆ ಅದು ಆ ಕ್ಷಣವೇ ಸಾಯುವುದಿಲ್ಲ. ಇನ್ನೂ ಕೆಲವು ದಿನ ಕರೆಂಟ್ ಕೊಟ್ಟರೆ ಒಯ್ಯುತ್ತೆ, ಸ್ನಾಯು ಮಿಡಿಯುತ್ತೆ. ಸ್ನಾಯುವಿಗೆ ಹೋಗುವ ಎಳೆಗಳಲ್ಲಿ ಇದು ನಿಲ್ಲಲು ಸುಮಾರು ಒಂದು ವಾರ ಬೇಕು. ಸ್ಪರ್ಶ ತಿಳಿಸುವ ಎಳೆಗಳಲ್ಲಿ ಹತ್ತು ಹನ್ನೊಂದು ದಿನ.

ಈಗ ನಾಲ್ಕನೇ ದಿನದ ಟೆಸ್ಟ್ ನೋಡಿ. ಮುರಿದ ಜಾಗದ ಮೇಲೆ ಕರೆಂಟ್ ಕೊಟ್ಟರೆ ಕೆಳಗೆ ಏನೂ ಬರಲ್ಲ. ಮೊಣಕೈ ಹತ್ತಿರ ಕೊಟ್ಟರೆ ಚೆನ್ನಾಗಿ ಬರುತ್ತೆ. ಎಳೆಗಳು ಪೂರ್ತಿ ಇದ್ದು ಬರೀ ಹೊದಿಕೆ ಜಜ್ಜಿದ್ದರೂ ಹೀಗೇ ಕಾಣುತ್ತೆ. ಇಡೀ ನರ ಎರಡು ತುಂಡಾಗಿದ್ದರೂ ಹೀಗೇ ಕಾಣುತ್ತೆ. ಅವತ್ತಿನ ಮಷೀನು ತಪ್ಪು ಹೇಳಲಿಲ್ಲ. ಅವತ್ತು ಆ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಪೆಟ್ಟು ಎಲ್ಲಿ ಅನ್ನೋದಷ್ಟೇ ಗೊತ್ತಾಗುತ್ತಿತ್ತು, ಎಷ್ಟು ಜೋರು ಅನ್ನೋದು ಗೊತ್ತಾಗುತ್ತಿರಲಿಲ್ಲ. ಹುಡುಗ ಬಿದ್ದ ದಿನವೇ ಎಳೆಗಳು ಕಡಿದಿದ್ದವು, ನಾಲ್ಕನೇ ವಾರ ಅದು ಕಾಣಿಸಿತು, ಅಷ್ಟೇ. ಹಾಳೆಯಲ್ಲಿ ಈ ಒಂದು ಮಾತು ದೊಡ್ಡಕ್ಷರದಲ್ಲಿ ಬರಲಿ.

ಸೂಜಿ ಚುಚ್ಚಿ ನೋಡುವ ಭಾಗಕ್ಕೂ ಹೀಗೇ ಕಾಲ ಬೇಕು. ನರ ಕಳೆದುಕೊಂಡ ಸ್ನಾಯು ತಾನಾಗಿಯೇ ಸಣ್ಣ ಸಣ್ಣ ಮಿಡಿತ ಕೊಡಲು ಶುರು ಮಾಡುತ್ತೆ. ಪೆಟ್ಟಿಗೆ ಹತ್ತಿರದ ಸ್ನಾಯುವಿನಲ್ಲಿ ಎರಡು ವಾರಕ್ಕೆ, ದೂರದ್ದರಲ್ಲಿ ಮೂರು ನಾಲ್ಕು ವಾರಕ್ಕೆ. ಅದಕ್ಕೇ ಮೊದಲ ಇಎಂಜಿಯನ್ನು ಸಾಮಾನ್ಯವಾಗಿ ಮೂರರಿಂದ ನಾಲ್ಕು ವಾರ ಬಿಟ್ಟು ಮಾಡುತ್ತೇವೆ. ಆ ಮಿಡಿತಕ್ಕೆ ‘ಅದುರು’ ಅನ್ನಬೇಡಿ. ಕಣ್ಣು ಅದುರೋದು ಹೊರಗೆ ಕಾಣುತ್ತೆ, ಇದು ಚರ್ಮದ ಮೇಲೆ ಕಾಣಲ್ಲ. ಮಷೀನಿನಲ್ಲಿ ಮಾತ್ರ ಕೇಳಿಸುತ್ತೆ.

ಮೇಷ್ಟ್ರೇ, ನಿಮ್ಮ ಮಾತಿನಲ್ಲಿ ಮೂರು ಕಡೆ ತಿದ್ದಬೇಕು. ಮೊದಲ ಬಗೆಯ ಪೆಟ್ಟು ಮೂರು ವಾರದಲ್ಲೇ ವಾಸಿಯಾಗಬೇಕು ಅಂತಿಲ್ಲ. ಕೆಲವರಿಗೆ ಕೆಲವೇ ದಿನ, ಕೆಲವರಿಗೆ ಮೂರು ತಿಂಗಳವರೆಗೂ ಹಿಡಿಯುತ್ತೆ. ಎರಡನೆಯದು, ದರ್ಜೆಯ ನಂಬರ್. 1951ರಲ್ಲಿ ಸಂಡರ್‌ಲ್ಯಾಂಡ್ ಅನ್ನೋ ಆಸ್ಟ್ರೇಲಿಯಾದ ಪ್ರೊಫೆಸರ್ ಐದು ದರ್ಜೆ ಮಾಡಿದರು. ಸೆಡನ್ ಅವರ ಮೂರನೆಯದು, ಅಂದರೆ ಪೂರ್ತಿ ತುಂಡಾದದ್ದು, ಇವರ ಲೆಕ್ಕದಲ್ಲಿ ಐದನೆಯದು. ಇವರ ಮೂರನೆಯದರಲ್ಲಿ ಹೊರಕವಚ ಉಳಿದಿರುತ್ತೆ, ಒಳಗಿನ ಕೊಳವೆಗಳು ಹರಿದಿರುತ್ತವೆ. ಸ್ವಲ್ಪ ಮಟ್ಟಿಗೆ ತಾನಾಗಿಯೇ ವಾಸಿಯಾಗಬಹುದು. ಒಬ್ಬ ಡಾಕ್ಟರ್ ‘ಮೂರು’ ಅಂದದ್ದನ್ನು ಮನೆಯವರು ಇನ್ನೊಂದು ಮೂರು ಅಂದುಕೊಂಡರೆ, ಕಾಯಬೇಕಾದವರು ಆಪರೇಷನ್‌ಗೆ ಓಡುತ್ತಾರೆ. ಹಾಳೆಯಲ್ಲಿ ನಂಬರ್ ಬೇಡವೇ ಬೇಡ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಯಾವ ದರ್ಜೆ ಅಂತ ಇಎಂಜಿ ಪೂರ್ತಿ ಹೇಳಲ್ಲ. ನಾಲ್ಕನೇ ವಾರದಲ್ಲಿ ಎಳೆ ಉಳಿದಿದೆಯೋ ಕಡಿದಿದೆಯೋ ಅನ್ನೋದನ್ನು ಹೇಳುತ್ತೆ. ಎಳೆ ಕಡಿದಿದ್ದರೆ, ಕೊಳವೆ ಉಳಿದಿದೆಯೋ ಇಡೀ ನರವೇ ತುಂಡಾಗಿದೆಯೋ ಅಂತ ಹೇಳಲು ಅದಕ್ಕೆ ಆಗಲ್ಲ. ಎರಡರಲ್ಲೂ ಸೂಜಿಗೆ ಕೇಳಿಸೋದು ಒಂದೇ. ನರದ ಅಲ್ಟ್ರಾಸೌಂಡ್ ಸ್ವಲ್ಪ ನೆರವಾಗುತ್ತೆ. ಉಳಿದದ್ದನ್ನು ಕಾಲವೇ ಹೇಳಬೇಕು, ಇಲ್ಲ ತೆರೆದು ನೋಡಬೇಕು.

ಕೇಬಲ್ ಉದಾಹರಣೆ ಇಲ್ಲೇ ಕೈಕೊಡುತ್ತೆ. ತಂತಿ ಬೆಳೆಯಲ್ಲ, ಎಳೆ ಬೆಳೆಯುತ್ತೆ. ಕೊಳವೆ ಉಳಿದಿದ್ದರೆ ಅದರೊಳಗೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್, ತಿಂಗಳಿಗೆ ಸುಮಾರು ಒಂದು ಇಂಚು. ಈ ಹುಡುಗನಿಗೇ ಲೆಕ್ಕ ಹಾಕಿ. ಮುರಿದ ಜಾಗದಿಂದ ಕೆಳಗೆ ಮೊದಲು ಸಿಗುವ ಸ್ನಾಯು ಮೊಣಕೈ ಹೊರಬದಿಯ ಬ್ರೇಕಿಯೋರೇಡಿಯಾಲಿಸ್. ದೂರ ಒಂಬತ್ತು ಸೆಂಟಿಮೀಟರ್ ಅಂದುಕೊಂಡರೆ ತೊಂಬತ್ತು ದಿನ. ಬೆಳವಣಿಗೆ ಶುರುವಾಗಲು ಕೆಲವು ವಾರ ಸೇರಿಸಿ. ನಾಲ್ಕನೇ ತಿಂಗಳಲ್ಲಿ ಆ ಸ್ನಾಯುವಿನಲ್ಲಿ ಜೀವ ಕಾಣಬೇಕು. ಆಮೇಲೆ ಮಣಿಕಟ್ಟು, ಆಮೇಲೆ ಬೆರಳು. ಹೆಬ್ಬೆರಳು, ತೋರುಬೆರಳು ಕೊನೆಗೆ. ಕಣ್ಣಿಗೆ ಚಲನೆ ಕಾಣುವ ಕೆಲವು ವಾರ ಮೊದಲೇ ಸೂಜಿ ಅದನ್ನು ಹಿಡಿಯುತ್ತೆ. ಅದಕ್ಕೇ ಮೂರರಿಂದ ನಾಲ್ಕು ತಿಂಗಳ ಹೊತ್ತಿಗೆ ಇನ್ನೊಂದು ಇಎಂಜಿ.

ಚಿಂತಾಮಣಿಯ ತಾಯಿ, ನಿಮಗೆ ಆದದ್ದು ಒತ್ತಡದಿಂದ. ಎಳೆಗಳು ಉಳಿದಿದ್ದವು, ಹೊದಿಕೆ ಸರಿಹೋದ ಮೇಲೆ ಪಾದ ಎದ್ದಿತು. ನಿಮಗೆ ಕಾದದ್ದು ಸರಿ. ಎಲ್ಲರಿಗೂ ‘ಸುಮ್ನೆ ಕಾಯಿರಿ’ ಅನ್ನೋದು ಅಪಾಯ. ಗಾಜೋ ಮಚ್ಚೋ ತಾಗಿ ಗಾಯದ ಕೆಳಗೆ ಕೈ ಮರಗಟ್ಟಿದ್ದರೆ ಮೂರು ವಾರದ ಇಎಂಜಿಗೆ ಕಾಯಬಾರದು. ಕೆಲವೇ ದಿನಗಳಲ್ಲಿ ತೆರೆದು ನೋಡಿ ಹೊಲಿಯಬೇಕು.

ಚಿಂತಾಮಣಿಯಿಂದ, ಮತ್ತೆ

ತುಂಬಾ ಚೆನ್ನಾಗಿ ಹೇಳಿದಿರಿ ಮೇಡಂ. ಒಂದು ಅನುಮಾನ. ನಮ್ಮ ಅಣ್ಣ ಗಾಜು ತಾಗಿ ‘ನರ ಕಟ್ ಆಗಿತ್ತು’, ಬೆರಳು ಮಡಚೋಕೆ ಆಗ್ತಿರಲಿಲ್ಲ. ಆದರೆ ಮುಟ್ಟಿದರೆ ಗೊತ್ತಾಗುತ್ತಿತ್ತು. ಅದೂ ಇದೇನಾ?

ಕೋಲಾರದಿಂದ

ಅಲ್ಲ ತಾಯಿ, ಅದು ಬಹುಶಃ ಬೆರಳನ್ನು ಎಳೆಯುವ ಬಿಳಿ ಹುರಿ. ಮೂಳೆ ಡಾಕ್ಟರುಗಳು ಟೆಂಡನ್ ಅಂತಾರೆ. ನಮ್ಮ ಜನ ಅದಕ್ಕೂ ನರ ಅಂತಾರೆ, ಕೈಮೇಲೆ ಹಸಿರಾಗಿ ಕಾಣುವ ರಕ್ತನಾಳಕ್ಕೂ ನರ ಅಂತಾರೆ. ಆ ತಂದೆ ಸ್ಟೆಂಟ್ ಕೇಳಿದ್ದೂ ಇದಕ್ಕೇ ಇರಬೇಕು. ಹಾಳೆಯ ಮೊದಲ ಸಾಲೇ ‘ಇಲ್ಲಿ ನರ ಅಂದರೆ ರಕ್ತ ಹರಿಯುವ ನಾಳ ಅಲ್ಲ, ಸುದ್ದಿ ಒಯ್ಯುವ ನರ’ ಅಂತ ಇರಲಿ.

ತುಮಕೂರಿನಿಂದ, ಮತ್ತೆ

ಎಲ್ಲರಿಗೂ ಧನ್ಯವಾದ. ಸದ್ಯಕ್ಕೆ ಹೀಗೆ ಬರೆದುಕೊಂಡಿದ್ದೇನೆ. ಮೊದಲನೆಯದು ‘ಸುದ್ದಿ ನಿಂತಿದೆ, ಎಳೆ ಉಳಿದಿದೆ’. ಎರಡನೆಯದು ‘ಎಳೆ ಕಡಿದಿದೆ, ಕೊಳವೆ ಉಳಿದಿದೆ’. ಮೂರನೆಯದು ‘ನರವೇ ತುಂಡಾಗಿದೆ’. ‘ಬ್ಲಾಕ್’ ತೆಗೆದು ‘ತಡೆ’ ಹಾಕಿದ್ದೇನೆ. ‘ಜೋಮು’ ಬಿಟ್ಟೆ. ಜೋಮು ಅಂದರೆ ಕಾಲು ಕೊಡವಿದರೆ ಹೋಗುತ್ತೆ ಅಂದುಕೊಳ್ಳುತ್ತಾರೆ. ‘ಸತ್ತಿದೆ’ ಕೂಡ ಬಿಟ್ಟೆ. ಸತ್ತದ್ದು ಬೆಳೆಯುತ್ತೆ ಅಂದರೆ ಯಾರು ನಂಬುತ್ತಾರೆ?

ಚಿಕ್ಕಬಳ್ಳಾಪುರದಿಂದ

ನಂಬರ್ ವಿಷಯ ಒಪ್ಪಿದೆ. ಆದರೆ ‘ಸತ್ತಿದೆ’ ಬಿಟ್ಟರೆ ವಿಷಯದ ತೂಕ ಕಡಿಮೆಯಾಗಲ್ವಾ? ‘ಎಳೆ ಕಡಿದಿದೆ’ ಅಂದರೆ ಜನ ಹಗುರವಾಗಿ ತೆಗೆದುಕೊಂಡು ಸ್ಪ್ಲಿಂಟ್ ಬಿಚ್ಚಿಡುತ್ತಾರೆ. ‘ಕೆಳಗಿನ ಎಳೆ ಸತ್ತಿದೆ, ಮೇಲಿಂದ ಹೊಸದು ಬರಬೇಕು’ ಅನ್ನಿ.

ಕೋಲಾರದಿಂದ

ನನಗೂ ಅದು ಹಿಡಿಸಿತು. ತುಮಕೂರಿನವರು ಒಪ್ಪುತ್ತಾರೋ ಇಲ್ಲವೋ ನೋಡೋಣ. ಇನ್ನೆರಡು ವಿಷಯ ಹಾಳೆಗೆ ಸೇರಲಿ. ಒಂದೇ ನರದಲ್ಲಿ ಕೆಲವು ಎಳೆಗೆ ಬರೀ ತಡೆ, ಕೆಲವು ಎಳೆ ಕಡಿದಿರೋದು ತುಂಬಾ ಸಾಮಾನ್ಯ. ಅದಕ್ಕೇ ಎರಡು ತಿಂಗಳಲ್ಲಿ ಸ್ವಲ್ಪ ಬಲ ಬಂದು ಅಲ್ಲೇ ನಿಂತರೆ ಗಾಬರಿ ಬೇಡ. ಉಳಿದದ್ದು ಬೆಳೆದು ಬರಲು ತಿಂಗಳುಗಟ್ಟಲೆ ಹಿಡಿಯುತ್ತೆ.

ಇನ್ನೊಂದು, ‘ಎಳೆ ಬೆಳೆಯುತ್ತೆ’ ಅಂತ ಬರೆದ ಕಡೆ ಗಡುವನ್ನೂ ಬರೆಯಿರಿ. ನರ ತಲುಪದ ಸ್ನಾಯು ಹನ್ನೆರಡರಿಂದ ಹದಿನೆಂಟು ತಿಂಗಳು ಕಳೆದರೆ ನರ ಬಂದರೂ ಅದನ್ನು ಸ್ವೀಕರಿಸಲ್ಲ. ಈ ಹುಡುಗನಿಗೆ ನಾಲ್ಕನೇ ತಿಂಗಳಲ್ಲೂ ಬ್ರೇಕಿಯೋರೇಡಿಯಾಲಿಸ್‌ನಲ್ಲಿ ಸೂಜಿಗೆ ಏನೂ ಸಿಗದಿದ್ದರೆ, ಇನ್ನೊಂದು ವರ್ಷ ಕಾಯಿಸದೆ ನರದ ಸರ್ಜನ್ ಹತ್ತಿರ ಕಳಿಸಿ. ಅಲ್ಲಿಯವರೆಗೆ ಮಣಿಕಟ್ಟು ಎತ್ತಿ ಹಿಡಿಯುವ ಸ್ಪ್ಲಿಂಟ್ ಹಾಕಿರಲಿ, ಬೆರಳಿನ ಕೀಲುಗಳನ್ನು ಇನ್ನೊಂದು ಕೈಯಿಂದ ದಿನಾ ಬಿಚ್ಚಿಸಿ ಮಡಚಿಸಲಿ. ಕೀಲು ಬಿಗಿದುಕೊಂಡರೆ ನರ ಬಂದು ತಲುಪಿದರೂ ಕೈ ಏಳಲ್ಲ.