ಒಳಗೆ ಬರೀ 9 ಬಿಂದು: ವಿಭವ ಸಮೀಕರಣ ಕೈಯಲ್ಲೇ ಬಿಡಿಸಿದವರು ಹೇಳಿ

ಕೇಳಿದವರು: ಉದ್ದನೆಯ ಲೋಹದ ಪೆಟ್ಟಿಗೆ, ಅಡ್ಡ ಕೊಯ್ದರೆ ಚೌಕ. ಮೇಲಿನ ಅಂಚು 100 ವೋಲ್ಟ್, ಉಳಿದ ಮೂರೂ 0. ಬದಿಯನ್ನು ನಾಲ್ಕು ಭಾಗ ಮಾಡಿದ್ದೇನೆ, ಒಳಗೆ 9 ಬಿಂದು ಬಂದವು. ಸೂತ್ರ ಎಲ್ಲಿಂದ ಬರುತ್ತದೆ? 9 ಸಮೀಕರಣ ಕೈಯಲ್ಲಿ ಬಿಡಿಸುವುದು ಹೇಗೆ? ಮೇಲಿನ ಮೂಲೆಗೆ 0 ಹಾಕಲೋ 100 ಹಾಕಲೋ?

ವೇಗದೂತ: ಕೈಯಲ್ಲಿ ಯಾಕೆ ಒದ್ದಾಡ್ತೀರಿ? ಎಲ್ಲಾ ಕಡೆ 0 ಇಟ್ಟು ಗಾಸ್-ಸೈಡಲ್ ಓಡಿಸಿ. ರಿಲ್ಯಾಕ್ಸೇಶನ್ ಗುಣಕ 1.8 ಕೊಡಿ, ನಮ್ಮ 100×100 ಜಾಲರಿಯಲ್ಲಿ ಅದು ಸಖತ್ತಾಗಿ ಓಡುತ್ತದೆ. ಮೂಲೆಗೆ 50 ಹಾಕಿ, ಎರಡರ ನಡುವೆ.

ಹಳೇ ಲ್ಯಾಬ್: ಮೊದಲು ಸೂತ್ರ. ಒಂದು ಬಿಂದುವಿನ ಬಲಕ್ಕೆ h, ಎಡಕ್ಕೆ h ದೂರದ ಬೆಲೆಗಳನ್ನು ಟೇಲರ್ ಶ್ರೇಣಿಯಲ್ಲಿ ಬರೆದು ಕೂಡಿಸಿ. ಬೆಸ ಪದಗಳೆಲ್ಲ ಹೊಡೆದುಹೋಗಿ 2u + h²·u_xx ಉಳಿಯುತ್ತದೆ, ಅದರ ಹಿಂದೆ h⁴ ಇರುವ ಬಾಲ. ಮೇಲೆ-ಕೆಳಗೆಯೂ ಹಾಗೇ ಮಾಡಿ. ಎರಡನ್ನೂ ಕೂಡಿಸಿದಾಗ u_xx + u_yy ಸೊನ್ನೆ ಆಗಲೇಬೇಕು, ಅದೇ ತಾನೇ ನಮ್ಮ ಸಮೀಕರಣ. ಬಾಲ ಬಿಟ್ಟರೆ ಉಳಿಯುವುದು ಇಷ್ಟೇ: 4u = ನಾಲ್ಕು ನೆರೆಯವರ ಮೊತ್ತ.

ಇನ್ನು ಮೂಲೆ. ಈ ಸೂತ್ರದಲ್ಲಿ ಒಳಗಿನ ಯಾವ ಬಿಂದುವಿಗೂ ಮೂಲೆ ನೆರೆಯಲ್ಲ, ಹಾಗಾಗಿ 0, 50, 100 ಏನು ಹಾಕಿದರೂ ಉತ್ತರ ಬದಲಾಗುವುದಿಲ್ಲ. ಕರ್ಣದ ನೆರೆಯವರನ್ನೂ ಸೇರಿಸುವ 9 ಬಿಂದುವಿನ ಸೂತ್ರ ಹಾಕಿದರೆ ಮಾತ್ರ 50ರ ಪ್ರಶ್ನೆ ಏಳುತ್ತದೆ.

ಎಡ-ಬಲ ಒಂದೇ ಥರ ಇರುವುದರಿಂದ ಅಜ್ಞಾತಗಳು 9 ಅಲ್ಲ, 6. ಮೇಲಿನ ಸಾಲು a b a, ನಡುವಿನದು c d c, ಕೆಳಗಿನದು e f e. ಈಗ ಪೆಟ್ಟಿಗೆಯನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ನಾಲ್ಕು ಉತ್ತರಗಳನ್ನೂ ಕೂಡಿಸಿದಿರಿ ಅಂತಿಟ್ಟುಕೊಳ್ಳಿ. ಆಗ ನಾಲ್ಕೂ ಅಂಚು 100, ಅಂದರೆ ಒಳಗೆಲ್ಲ 100. ನಡುವಿನ ಬಿಂದು ತಿರುಗಿದರೂ ಅಲ್ಲೇ ಇರುತ್ತದೆ, ಆದ್ದರಿಂದ d = 25. ಮೂಲೆ ಕಡೆಯ ಬಿಂದುಗಳಿಂದ a + e = 50. ತಕ್ಷಣ c = (50 + 25)/4 = 18.75. ಇನ್ನುಳಿದದ್ದು ಎರಡೇ ಸಮೀಕರಣ:

4a = 100 + b + 18.75
4b = 100 + 2a + 25

ಎರಡನೆಯದರ b ಯನ್ನು ಮೊದಲನೆಯದಕ್ಕೆ ಹಾಕಿದರೆ 3.5a = 150. ಹಾಗಾಗಿ a = 42.86, b = 52.68, e = 7.14, f = 9.82. ತಾಳೆ ನೋಡಲು b + 2c + f ಕೂಡಿಸಿ, 100 ಬರಬೇಕು.

ವೇಗದೂತ ಅವರೇ, 1.8 ನಿಮ್ಮ ದೊಡ್ಡ ಜಾಲರಿಗೆ ಸರಿ, ಇಲ್ಲಿ ಉಲ್ಟಾ ಹೊಡೆಯುತ್ತದೆ. ಚೌಕದ ಬದಿ 1 ಅಂತಿಟ್ಟುಕೊಂಡರೆ ಒಳ್ಳೆಯ ಗುಣಕ 2/(1 + sin πh). h = 1/4 ಕ್ಕೆ ಅದು ಸುಮಾರು 1.17. ಸುಮ್ನೆ ಗಾಸ್-ಸೈಡಲ್ ಓಡಿಸಿದರೂ ಪ್ರತಿ ಸುತ್ತಿಗೆ ದೋಷ ಹೆಚ್ಚುಕಡಿಮೆ ಅರ್ಧವಾಗುತ್ತದೆ. 1.8 ಕೊಟ್ಟರೆ ಕೊನೆಗೆ ಸುತ್ತಿಗೆ 0.8 ಪಟ್ಟಿಗಷ್ಟೇ ಇಳಿಯುತ್ತದೆ, ಅದೂ ಓಲಾಡುತ್ತಾ.

ವೇಗದೂತ: ಗುಣಕ ಜಾಲರಿ ಮೇಲೆ ನಿಲ್ಲುತ್ತದೆ ಅನ್ನೋದು ಒಪ್ಪಿದೆ. ಆದರೂ ಕಂಪ್ಯೂಟರ್‌ನಲ್ಲಿ ತಾಳೆ ನೋಡೋದು ಒಳ್ಳೇದು. ಕ್ರಮ a b c d e f:

```python
import numpy as np
A = np.array([[ 4,-1,-1, 0, 0, 0],
              [-2, 4, 0,-1, 0, 0],
              [-1, 0, 4,-1,-1, 0],
              [ 0,-1,-2, 4, 0,-1],
              [ 0, 0,-1, 0, 4,-1],
              [ 0, 0, 0,-1,-2, 4]], float)
r = np.array([100, 100, 0, 0, 0, 0], float)
print(np.linalg.solve(A, r))
```

ಕೇಳಿದವರು: ಉತ್ತರ ಕೂಡಿತು! ಆದರೆ ಮ್ಯಾಟ್ರಿಕ್ಸ್ ಸಮ್ಮಿತಿಯಾಗಿರಬೇಕಲ್ವಾ? ಕೆಲವು ಕಡೆ -2 ಇದೆ, ಎದುರಿಗೆ -1.

ಹಳೇ ಲ್ಯಾಬ್: ನಡುವಿನ ಗೆರೆಯ ಬಿಂದುಗಳಿಗೆ ಎಡ ನೆರೆಯೂ ಬಲ ನೆರೆಯೂ ಒಂದೇ ಅಜ್ಞಾತ, ಅದಕ್ಕೆ -2. ಆ ಮೂರು ಸಾಲುಗಳನ್ನು, ಬಲಗಡೆಯ ಸಂಖ್ಯೆಯನ್ನೂ ಸೇರಿಸಿ, 2ರಿಂದ ಭಾಗಿಸಿ. ಸಮ್ಮಿತಿ ವಾಪಸ್ ಬರುತ್ತದೆ. ಕಾಂಜುಗೇಟ್ ಗ್ರೇಡಿಯಂಟ್ ಬಳಸುವುದಾದರೆ ಇದನ್ನು ಮಾಡಲೇಬೇಕು, ಎಲಿಮಿನೇಶನ್‌ಗೆ ಬೇಕಿಲ್ಲ. ಅಂಚಿನಲ್ಲಿ ವೋಲ್ಟೇಜ್ ಬದಲು ಇನ್ಸುಲೇಶನ್ ಇದ್ದರೂ ಇದೇ -2 ಬರುತ್ತದೆ.

ಒಂದು ಎಚ್ಚರಿಕೆ. solve ಹತ್ತಾರು ದಶಮಾಂಶ ಕೊಡುತ್ತದೆ ಅಂತ ಅಷ್ಟನ್ನೂ ರಿಪೋರ್ಟ್‌ಗೆ ಇಳಿಸಬೇಡಿ. ಫೂರಿಯರ್ ಶ್ರೇಣಿಯಿಂದ b ಯ ನಿಜ ಬೆಲೆ 54.05 ಬರುತ್ತದೆ. ನಮ್ಮದು 52.68, ಅಂದರೆ ಒಂದೂಕಾಲು ವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ. ಸಮೀಕರಣ ಬಿಡಿಸಿದ್ದು ಕರಾರುವಾಕ್ಕು, ಜಾಲರಿ ಒರಟು.

ಸಿವಿಲ್ ಮೂರನೇ ವರ್ಷ: ನನ್ನದೂ ಇದೇ ಕಥೆ. ಅಣೆಕಟ್ಟಿನ ಕೆಳಗೆ ನೀರು ಜಿನುಗುವ ಲೆಕ್ಕ, ಅಡ್ಡಕ್ಕೆ 2 ಮೀಟರ್, ಆಳಕ್ಕೆ 1 ಮೀಟರ್ ಹೆಜ್ಜೆ. ನಾಲ್ಕರ ಸರಾಸರಿ ಹಾಕಿದರೆ ಒತ್ತಡ ಎಲ್ಲೂ ಹೊಂದುತ್ತಿಲ್ಲ. ಇನ್ನೂ ಸುತ್ತು ಓಡಿಸಬೇಕಾ?

ಹಳೇ ಲ್ಯಾಬ್: ಎಷ್ಟು ಸುತ್ತು ಓಡಿಸಿದರೂ ಬರುವುದಿಲ್ಲ ತಂಗಿ, ನಿಮ್ಮ ಸಮೀಕರಣವೇ ಬೇರೆ. ಹೆಜ್ಜೆ ಬೇರೆಯಾದರೆ ತೂಕವೂ ಬೇರೆ, 1/h² ಲೆಕ್ಕದಲ್ಲಿ. ನಿಮಗೆ u = (ಎಡ + ಬಲ + 4·ಮೇಲೆ + 4·ಕೆಳಗೆ)/10.

ಸಿವಿಲ್ ಮೂರನೇ ವರ್ಷ: ಈಗ ಹೊಂದುತ್ತಿದೆ ಸರ್, ಥ್ಯಾಂಕ್ಸ್. ಆದರೆ ಶೀಟ್ ಪೈಲ್‌ನ ಕೆಳತುದಿಯ ಹತ್ತಿರ, ಜಾಲರಿ ಸಣ್ಣದು ಮಾಡಿದಷ್ಟೂ ವೇಗ ಏರುತ್ತಲೇ ಇದೆ. ಎಲ್ಲಿ ನಿಲ್ಲಿಸಬೇಕು?

ವೇಗದೂತ: ಅಲ್ಲಿ ಮಾತ್ರ ಜಾಲರಿ ಇನ್ನೂ ಸಣ್ಣದು ಮಾಡಿ, ನಿಲ್ಲುತ್ತದೆ.

ಹಳೇ ಲ್ಯಾಬ್: ನಿಲ್ಲುವುದಿಲ್ಲ. ತೆಳು ಗೋಡೆಯ ತುದಿಯಲ್ಲಿ ಸಮೀಕರಣದ ಉತ್ತರದಲ್ಲೇ ವೇಗ ಅನಂತಕ್ಕೆ ಹೋಗುತ್ತದೆ. ಒಟ್ಟು ಹರಿವು ಸ್ಥಿರವಾಗಿದೆಯಾ ನೋಡಿ, ಅದನ್ನು ನಂಬಬಹುದು. ತುದಿಯ ವೇಗಕ್ಕೆ ಯಾವ ಬೆಲೆ ಬರೆಯಬೇಕು ಅನ್ನುವುದನ್ನು ಮಣ್ಣಿನ ವಿಷಯ ಬಲ್ಲವರು ಯಾರಾದರೂ ಹೇಳಲಿ.