ಪದ ಬೇಕು: ನ್ಯೂಟನ್ ಬಗ್ಗೆ ಲಾಕ್ ಹೇಳಿದ ‘ನೈಸ್’

ಎಲ್ಲರಿಗೂ ನಮಸ್ಕಾರ. ಶಾಲೆಯೊಂದರ ವಿಜ್ಞಾನ ಪ್ರದರ್ಶನಕ್ಕೆ ನ್ಯೂಟನ್ ಫಲಕ ಬರೆಯುತ್ತಿದ್ದೇನೆ, ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಎಡಕ್ಕೆ ಗೆಳೆಯರ ಮೆಚ್ಚುಗೆ, ಬಲಕ್ಕೆ ಎದುರಾಳಿಗಳ ದೂರು; ನ್ಯೂಟನ್‌ಗೆ ಹೊಗಳಿಕೆಯ ಆಸೆ ಅತಿ, ಎದುರು ಮಾತು ಸಹಿಸುವುದಿಲ್ಲ ಎಂಬ ಖಗೋಳಜ್ಞ ಫ್ಲಾಮ್‌ಸ್ಟೀಡ್ ಮಾತು ಅಲ್ಲಿದೆ. ತತ್ತ್ವಜ್ಞಾನಿ ಜಾನ್ ಲಾಕ್ 1703ರಲ್ಲಿ ನೆಂಟ ಪೀಟರ್ ಕಿಂಗ್‌ಗೆ ಬರೆದ ಪತ್ರದಲ್ಲಿ ನ್ಯೂಟನ್ನನನ್ನು ವ್ಯವಹರಿಸಲು ‘ನೈಸ್’ ಮನುಷ್ಯ ಎಂದಿದ್ದಾನೆ. ‘ಒಡನಾಟಕ್ಕೆ ಒಳ್ಳೆಯವನು’ ಎಂದು ಎಡಕ್ಕೆ ಹಾಕಿದ್ದೇನೆ. ಸರಿಯೇ?
— ಅನುವಾದಕಿ, ಮೈಸೂರು

ನೈಸ್ ನಮ್ಮ ‘ನಯ’ವೇ. ‘ನಯವಂತ’ ಎನ್ನಿ, ಮುಗಿಯಿತು.
— ಧಾರವಾಡ

ಅಲ್ಲ. ಅದು ಲ್ಯಾಟಿನ್ನಿನ ‘ಅರಿಯದವ’ ಎಂಬ ಪದದಿಂದ ಬಂದದ್ದು. ನಯಕ್ಕೂ ಅದಕ್ಕೂ ಸಂಬಂಧವಿಲ್ಲ.

ಮೇಡಂ, ಅದನ್ನು ಎಡಕ್ಕೆ ಹಾಕಬೇಡಿ. ಆ ಕಾಲದಲ್ಲಿ ‘ನೈಸ್’ ಎಂದರೆ ಬಲು ಸೂಕ್ಷ್ಮ, ಜೋಪಾನವಾಗಿ ಮುಟ್ಟಬೇಕಾದದ್ದು ಎಂಬ ಅರ್ಥವೂ ಇತ್ತು. ಅದೇ ವಾಕ್ಯದಲ್ಲಿ ಲಾಕ್ ಮುಂದುವರಿದು, ಕಾರಣವಿಲ್ಲದೆಡೆ ತಾನೇ ಅನುಮಾನ ಹುಟ್ಟಿಸಿಕೊಳ್ಳುವ ಸ್ವಭಾವ ಸ್ವಲ್ಪ ಹೆಚ್ಚು ಎನ್ನುತ್ತಾನೆ. ಲಾಕ್ ಬೈಬಲ್ ಕುರಿತ ತನ್ನ ಬರಹವನ್ನು ನ್ಯೂಟನ್‌ಗೆ ಕಳಿಸಿದ್ದ, ಉತ್ತರ ಬಂದಿರಲಿಲ್ಲ. ಹೋಗಿ ವಿಚಾರಿಸು, ಆದರೆ ಎಚ್ಚರ ಎಂದು ಕಿಂಗ್‌ಗೆ ಹೇಳುವಾಗ ಬಂದ ಮಾತಿದು. 1693ರಲ್ಲಿ ನ್ಯೂಟನ್ ಇದೇ ಲಾಕ್‌ನ ಮೇಲೆ ಇಲ್ಲದ ಆರೋಪ ಹೊರಿಸಿ, ಆಮೇಲೆ ಕ್ಷಮೆ ಕೇಳಿದ್ದ. ಆದರೂ ಲಾಕ್ ಅದೇ ಪತ್ರದಲ್ಲಿ ಅವನನ್ನು ನಿಜವಾದ ಗೆಳೆಯನೆಂದೇ ಎಣಿಸುತ್ತಾನೆ. ಹೊಗಳುವ ಬಾಯಿಂದಲೇ ಬಂದದ್ದರಿಂದ ಈ ದೂರಿಗೆ ತೂಕ ಹೆಚ್ಚು.
— ಬೆಂಗಳೂರು

ಹಾಗಾದರೆ ಫ್ಲಾಮ್‌ಸ್ಟೀಡ್ ಮಾತು ತೆಗೆದುಬಿಡಿ. ಹಗೆಯವನ ಸಾಕ್ಷಿ ಯಾಕೆ? ನಮ್ಮೂರ ಹಿರಿಯರೊಬ್ಬರ ಸ್ಮರಣ ಸಂಚಿಕೆಗೂ ನಾನು ಹಾಗೇ ಮಾಡಿದೆ.
— ಶಿವಮೊಗ್ಗ

ತೆಗೆಯಬೇಡಿ. ಅವನ ನಕ್ಷತ್ರ ವೀಕ್ಷಣೆಗಳನ್ನು 1712ರಲ್ಲಿ ನ್ಯೂಟನ್, ಹ್ಯಾಲಿ ಸೇರಿ ಅವನ ಒಪ್ಪಿಗೆಯಿಲ್ಲದೆ ಅಚ್ಚು ಹಾಕಿಸಿದರು. ಉಳಿದಿದ್ದ 300 ಪ್ರತಿಗಳು ಕೈಗೆ ಸಿಕ್ಕಾಗ, 1716ರಲ್ಲಿ, ಅವನು ಸುಟ್ಟುಹಾಕಿದ. ಅಷ್ಟು ಕಹಿ ಇದ್ದವನು ನ್ಯೂಟನ್‌ಗೆ ಹೊಗಳಿಕೆಯ ಆಸೆ ಅತಿ ಎಂದರೆ ಅರ್ಧ ಕಳೆದು ಓದಬೇಕು. ಎದುರು ಮಾತು ಸಹಿಸುವುದಿಲ್ಲ ಎಂದದ್ದನ್ನು ಮಾತ್ರ ಹಾಗೆ ಕಳೆಯಲಾಗದು, ಲಾಕ್‌ನ ಎಚ್ಚರಿಕೆಯೂ ಅದೇ ದಿಕ್ಕಿಗೆ ಬೊಟ್ಟು ಮಾಡುತ್ತದೆ.
— ಬೆಂಗಳೂರು

ಪದ ಕೇಳಿದರೆ ಚರಿತ್ರೆ ಹೇಳುತ್ತೀರಿ. ‘ಮುಟ್ಟಿದರೆ ಮುನಿ’ ಅನ್ನಿ. ಅಚ್ಚಗನ್ನಡ. ‘ಅನುಮಾನ’ವೂ ಬೇಡ, ಸಂಸ್ಕೃತ. ‘ಗುಮಾನಿ’ ಇದೆಯಲ್ಲ.
— ಕುಂದಾಪುರ

ಗುಮಾನಿ ಪಾರಸಿ.
— ಧಾರವಾಡ

ಜನರ ಬಾಯಲ್ಲಿ ನಿಂತದ್ದು ಕನ್ನಡ.
— ಕುಂದಾಪುರ

ಹಾಗಾದರೆ ಅನುಮಾನ ಯಾರ ಬಾಯಲ್ಲಿದೆ? ಸಂಸ್ಕೃತದ ಮೇಲೆ ಮಾತ್ರ ಈ ಸಿಟ್ಟೇಕೆ?
— ಧಾರವಾಡ

‘ಮುಟ್ಟಿದರೆ ಮುನಿ’ ಸೊಗಸಾಗಿದೆ. ಆದರೆ ಅದು ಮುನಿಯುವವನ ಮೇಲೆ ತಪ್ಪು ಹೊರಿಸುತ್ತದೆ. ಲಾಕ್ ಮಾತು ಹೋಗುವವನಿಗೆ ಎಚ್ಚರ ಹೇಳುತ್ತದೆ. ‘ನಾಜೂಕಾಗಿ ನಿಭಾಯಿಸಬೇಕಾದ ಮನುಷ್ಯ’ ಎಂದರೆ?
— ಬೆಂಗಳೂರು

ಅದನ್ನೇ ಹಾಕುತ್ತೇನೆ. ಲಾಕ್‌ನನ್ನು ಎಡದಿಂದ ತೆಗೆದು, ಬಲಕ್ಕೂ ಹಾಕದೆ ನಡುವೆ ಇಟ್ಟಿದ್ದೇನೆ. ‘ಅನುಮಾನ’ ಉಳಿಯಿತು.
— ಅನುವಾದಕಿ, ಮೈಸೂರು

ನಾಜೂಕೂ ಪಾರಸಿಯೇ. ನಾನು ಒಪ್ಪುವುದಿಲ್ಲ.
— ಕುಂದಾಪುರ