84 ದಿನಕ್ಕೆ 6 ಜಿಬಿ: ಡೇಟಾ ತಿನ್ನದೆ ಕನ್ನಡ ವಾರ್ತೆ ಕೇಳುವುದು ಹೇಗೆ?

ಕೇಳಿದವರು (ಶೃಂಗೇರಿ ಕಡೆಯವರು): ಅಪ್ಪನಿಗೆ ಬೆಳಗ್ಗೆ, ಮಧ್ಯಾಹ್ನ, ಸಂಜೆ ಆಕಾಶವಾಣಿ ವಾರ್ತೆ ಬೇಕೇ ಬೇಕು. ಹಳೆ ರೇಡಿಯೊ ಕೆಟ್ಟಿದೆ. ಆಂಡ್ರಾಯ್ಡ್ ಫೋನ್ ಇದೆ, ಪ್ಯಾಕ್ 84 ದಿನಕ್ಕೆ ಒಟ್ಟು 6 ಜಿಬಿ. ಮನೆಯಲ್ಲಿ ವೈಫೈ ಇಲ್ಲ. ಡೇಟಾ ಜಾಸ್ತಿ ತಿನ್ನದ ಆಪ್ ಯಾವುದು? ಬಳಸಿದವರು ಹೇಳಿ.

ಹಾಸನ, ಮೊಬೈಲ್ ಅಂಗಡಿ: ಆಪ್ ಬೇಡ ಸರ್. ಯೂಟ್ಯೂಬ್‌ನಲ್ಲಿ ಯಾವುದಾದರೂ ಕನ್ನಡ ಸುದ್ದಿ ಚಾನೆಲ್ ಲೈವ್ ಹಾಕಿ, ಕ್ವಾಲಿಟಿ 144ಪಿಗೆ ಇಳಿಸಿ. ರೇಡಿಯೊದಷ್ಟೇ ಡೇಟಾ ಹೋಗುತ್ತದೆ. ಕ್ರೋಮ್‌ನಲ್ಲಿ ಲೈಟ್ ಮೋಡ್ ಆನ್ ಮಾಡಿದರೆ ಪೇಪರ್‌ಗಳ ಸೈಟ್ ಕೂಡ ಹಗುರ ಆಗುತ್ತದೆ. ನಮ್ಮಲ್ಲಿ ಬರುವ ವಯಸ್ಸಾದವರಿಗೆಲ್ಲ ಹೀಗೇ ಮಾಡಿಕೊಡುತ್ತೇನೆ.

ಆಡಿಯೊ ಸ್ಟ್ರೀಮಿಂಗ್ ಕೆಲಸದವ, ಬೆಂಗಳೂರು: 144ಪಿಗೆ ಇಳಿಸಿದರೆ ಡೇಟಾ ಉಳಿಯುವುದು ನಿಜ. ಆದರೆ ರೇಡಿಯೊದಷ್ಟೇ ಆಗುವುದಿಲ್ಲ. ಧ್ವನಿಯ ಡೇಟಾ ಹೇಗೂ ಹೋಗುತ್ತದೆ, ಅದರ ಮೇಲೆ ಚಿತ್ರದ್ದು ಸೇರುತ್ತದೆ, ಮಧ್ಯೆ ಜಾಹೀರಾತಿನದ್ದು ಬೇರೆ. ಹಣ ಕಟ್ಟದೆ ಬಳಸಿದರೆ ಸ್ಕ್ರೀನ್ ಆರಿಸಿದ ಕೂಡಲೇ ಧ್ವನಿ ನಿಲ್ಲುತ್ತದೆ. ಅಂದರೆ ವಾರ್ತೆ ಮುಗಿಯುವವರೆಗೆ ಫೋನ್ ಬೆಳಗುತ್ತಲೇ ಇರಬೇಕು. ಸೆಟ್ಟಿಂಗ್ ಆಟೊಗೆ ಹೋದರಂತೂ 480ಪಿಯಲ್ಲಿ ಗಂಟೆಗೆ ಕೆಲವು ನೂರು ಎಂಬಿ ಸುಲಭವಾಗಿ ಹೋಗಿಬಿಡುತ್ತದೆ. ಇನ್ನು ಕ್ರೋಮ್‌ನ ಲೈಟ್ ಮೋಡನ್ನು 2022ರಲ್ಲೇ ತೆಗೆದುಹಾಕಿದ್ದಾರೆ. ಪುಟಗಳನ್ನು ಕುಗ್ಗಿಸಿ ತರುವ ಬ್ರೌಸರ್ ಬೇಕಿದ್ದರೆ ಈಗ ಒಪೆರಾ ಮಿನಿ ನೋಡಬಹುದು.

ಈಗ ಅಪ್ಪನ ಪ್ಯಾಕ್ ವಿಷಯ. 6 ಜಿಬಿಯನ್ನು 84 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 71 ಎಂಬಿ. ರೇಡಿಯೊ ಸ್ಟ್ರೀಮ್ 64 ಕೆಬಿಪಿಎಸ್‌ನದಾದರೆ, ಅಂದರೆ ಸೆಕೆಂಡಿಗೆ 64 ಕಿಲೋಬಿಟ್ ಎಳೆಯುವುದಾದರೆ, ಹತ್ತು ನಿಮಿಷಕ್ಕೆ 4.8 ಎಂಬಿ ಬೇಕು. ಮೂರು ಹೊತ್ತಿನ ವಾರ್ತೆಗೆ 14.4 ಎಂಬಿ. 128 ಕೆಬಿಪಿಎಸ್ ಆದರೂ 29 ಎಂಬಿ ದಾಟುವುದಿಲ್ಲ. ವಾರ್ತೆಯೊಂದೇ ಆದರೆ ಈ ಪ್ಯಾಕ್ ಧಾರಾಳ ಸಾಕು.

ಪ್ಯಾಕ್ ಖಾಲಿಯಾಗುವುದು ವಾರ್ತೆ ಮುಗಿದ ಮೇಲೆ. ರೇಡಿಯೊ ಕೇಳಿ ಅಭ್ಯಾಸ ಇರುವವರು ಅದನ್ನು ಆರಿಸುವುದಿಲ್ಲ. ವಾರ್ತೆ ಆಯ್ತು, ಚಿತ್ರಗೀತೆ ಬಂತು, ಕೃಷಿರಂಗ ಬಂತು, ಹಾಗೇ ಹಾಡುತ್ತಿರುತ್ತದೆ. ಎರಡು ಗಂಟೆ ಬಿಟ್ಟರೆ 64 ಕೆಬಿಪಿಎಸ್‌ನಲ್ಲಿ ಹತ್ತಿರ 58 ಎಂಬಿ, 128ರಲ್ಲಿ 115 ಎಂಬಿ. ಅಲ್ಲಿಗೆ ದಿನದ ಪಾಲು ಮುಗಿಯಿತು. ಹಾಗಾಗಿ ನಾನು ಆಪ್ ಆರಿಸುವಾಗ ಮೊದಲು ನೋಡುವುದು ಸ್ಲೀಪ್ ಟೈಮರ್ ಇದೆಯಾ ಎಂದು. VLCಯಲ್ಲಿ ಇದೆ, RadioDroidನಲ್ಲೂ ಇದೆ. ಹದಿನೈದು ನಿಮಿಷಕ್ಕೆ ಇಟ್ಟುಬಿಟ್ಟರೆ ತಾನೇ ನಿಲ್ಲುತ್ತದೆ.

ಧಾರವಾಡದವಳು: ಇಷ್ಟೆಲ್ಲ ಯಾಕ್ರೀ? ಹೊಸ ರೇಡಿಯೊ ತಂದುಕೊಡಿ. ನಮ್ಮ ಮನೆಯಲ್ಲಿ ಮೀಡಿಯಂ ವೇವ್ 765ರಲ್ಲಿ ಧಾರವಾಡ ಗಟ್ಟಿಯಾಗಿ ಕೇಳುತ್ತದೆ. ಡೇಟಾ ಸೊನ್ನೆ. ಎಲ್‌ಇಡಿ ಬಲ್ಬ್ ಹಾಕಿದಾಗ ಗುಯ್‌ಗುಟ್ಟುತ್ತದೆ. ಆಗ ಸೆಟ್ಟನ್ನು ಬಲ್ಬಿನಿಂದ ದೂರ ಇಟ್ಟು ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಮೀಡಿಯಂ ವೇವ್ ಹಿಡಿಯುವ ಕಡ್ಡಿ ಸೆಟ್ಟಿನ ಒಳಗೇ ಮಲಗಿರುತ್ತದೆ, ಅದಕ್ಕೇ ದಿಕ್ಕು ಬದಲಾದರೆ ಸದ್ದು ಬದಲಾಗುತ್ತದೆ. ಮೇಲಿನ ಉದ್ದನೆ ಏರಿಯಲ್ ಎಳೆದರೆ ಮೀಡಿಯಂ ವೇವ್‌ಗೆ ಏನೂ ಉಪಯೋಗ ಇಲ್ಲ, ಅದು ಎಫ್‌ಎಂಗೆ.

ಕೇಳಿದವರು: ಅಕ್ಕ, ನಮ್ಮದು ಗುಡ್ಡದ ಸಂದಿನ ಮನೆ. ಹಗಲು ಗೊರಗೊರ, ರಾತ್ರಿ ಬೇರೆ ಭಾಷೆಯವು ನುಗ್ಗುತ್ತವೆ. ಎಫ್‌ಎಂ ಸುತ್ತ ಎಲ್ಲೂ ಸಿಗುವುದಿಲ್ಲ. ಅದಕ್ಕೇ ಫೋನ್ ಕೇಳಿದ್ದು.

ತೀರ್ಥಹಳ್ಳಿ ಮೇಷ್ಟ್ರು: ನಮ್ಮದೂ ಅದೇ ಕಥೆ. ನಾನು ಬಳಸುವುದು ಪ್ರಸಾರ ಭಾರತಿಯವರ NewsOnAIR ಆಪ್. ಹಲವು ಭಾಷೆಗಳ ಆಕಾಶವಾಣಿ ಕೇಂದ್ರಗಳು ಒಂದೇ ಕಡೆ ಸಿಗುತ್ತವೆ. ಆದರೆ ನೇರ ಪ್ರಸಾರಕ್ಕಿಂತ ನನಗೆ ಅನುಕೂಲವಾಗಿದ್ದು newsonair.gov.in ತಾಣ. ಅಲ್ಲಿ ಪ್ರಾದೇಶಿಕ ವಾರ್ತೆಗಳ ವಿಭಾಗ ಇದೆ. ಬೆಂಗಳೂರು, ಧಾರವಾಡದ ಕನ್ನಡ ಬುಲೆಟಿನ್‌ಗಳ ಧ್ವನಿ ಸಿಗುತ್ತದೆ, ಓದುವುದಕ್ಕೆ ಬರಹವೂ ಸಿಗುತ್ತದೆ. ಬಿತ್ತರವಾದ ಮೇಲೆ ಏರಿಸುವುದರಿಂದ ಏಳು ಗಂಟೆಯದ್ದು ಏಳಕ್ಕೇ ಸಿಗದು. ಸ್ವಲ್ಪ ತಡವಾದರೂ ಪರವಾಗಿಲ್ಲ ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ಫೈಲ್ ಇಳಿಸಿದರೆ ಅಷ್ಟೇ ಡೇಟಾ. ಎರಡನೇ ಸಲ ಕೇಳಲು ಏನೂ ಖರ್ಚಿಲ್ಲ. ಬುಲೆಟಿನ್ ಮುಗಿಯಿತೆಂದರೆ ಮುಗಿಯಿತು, ಹಿಂದೆ ಹಾಡು ಹರಿಯುವುದಿಲ್ಲ.

ನಮ್ಮ ಕಡೆ ಸಿಗ್ನಲ್ ಅಂಗಳದ ಮೂಲೆಯಲ್ಲಿ ಮಾತ್ರ. ನೇರ ಪ್ರಸಾರ ಹಾಕಿದರೆ ಮುಖ್ಯಾಂಶ ಹೇಳುವಷ್ಟರಲ್ಲಿ ಸುತ್ತಲು ಶುರು. ಫೈಲ್ ಆದರೆ ಅಂಗಳದಲ್ಲಿ ಇಳಿಸಿಕೊಂಡು ಒಳಗೆ ಬಂದು ಕಾಫಿ ಕುಡಿಯುತ್ತಾ ಕೇಳಬಹುದು.

ಮೆಲ್ಬರ್ನ್ ಕನ್ನಡಿಗ: ನಾನು ರೈಲಿನಲ್ಲಿ ಹೋಗುತ್ತಾ ಎಸ್‌ಬಿಎಸ್ ಕನ್ನಡ ಕೇಳುತ್ತೇನೆ, ಪಾಡ್‌ಕಾಸ್ಟ್ ರೂಪದಲ್ಲಿ ಬರುತ್ತದೆ. AntennaPodನಲ್ಲಿ ಚಂದಾ ಹಾಕಿ, ವೈಫೈ ಇದ್ದಾಗ ಮಾತ್ರ ಇಳಿಸು ಎಂದು ಇಟ್ಟಿದ್ದೇನೆ. ಮೊಬೈಲ್ ಡೇಟಾ ಒಂದು ಚೂರೂ ಹೋಗುವುದಿಲ್ಲ. ಬಿಬಿಸಿ ಕನ್ನಡವನ್ನೂ ಹೀಗೇ ಹಾಕಿಕೊಳ್ಳಬಹುದಲ್ವಾ?

ಸ್ಟ್ರೀಮಿಂಗ್ ಕೆಲಸದವ: ಬಿಬಿಸಿಗೆ ತಮಿಳು, ತೆಲುಗು, ಮರಾಠಿ ಸೇವೆ ಇದೆ, ಕನ್ನಡದ್ದು ಇಲ್ಲ. ಎಸ್‌ಬಿಎಸ್ ಆಸ್ಟ್ರೇಲಿಯಾದ ಕನ್ನಡಿಗರಿಗಾಗಿ ಮಾಡುವುದು. ಮಲೆನಾಡಿನ ಹಿರಿಯರಿಗೆ ಬೇಕಾದ ಮಳೆ, ಅಡಿಕೆ ಧಾರಣೆ, ಮಂತ್ರಿಮಂಡಲದ ಸುದ್ದಿ ಅಲ್ಲಿ ದಿನಾ ಸಿಗುವುದಿಲ್ಲ. ಇಳಿಸಿ ಕೇಳುವ ನಿಮ್ಮ ವಿಧಾನ ಮಾತ್ರ ಸರಿಯಾದದ್ದೇ.

ಚಳ್ಳಕೆರೆ, ಡ್ರೈವರ್: ನನ್ನದು ದಿನಕ್ಕೆ 1 ಜಿಬಿ ಪ್ಯಾಕ್. ಮಧ್ಯಾಹ್ನಕ್ಕೇ ಮುಗಿಯುತ್ತದೆ. ಆಮೇಲೆ 64 ಕೆಬಿಪಿಎಸ್ ಸ್ಪೀಡ್ ಕೊಡುತ್ತಾರೆ. ಅದು ರೇಡಿಯೊಗೆ ಸಾಕಾಗಬೇಕಲ್ಲ? ಆದರೆ ಸಂಜೆ ವಾರ್ತೆ ತುಂಡು ತುಂಡಾಗಿ ಬರುತ್ತದೆ. ಆಪ್ ಸರಿ ಇಲ್ವಾ?

ಸ್ಟ್ರೀಮಿಂಗ್ ಕೆಲಸದವ: ಆಪ್ ತಪ್ಪಲ್ಲ. 64ರ ಸ್ಟ್ರೀಮ್‌ಗೆ 64ರ ದಾರಿ ಸಾಲುವುದಿಲ್ಲ. ಧ್ವನಿಯ ಜೊತೆ ವಿಳಾಸ, ಲೆಕ್ಕ ಅಂತ ಇನ್ನಷ್ಟು ಡೇಟಾ ಹೋಗುತ್ತದೆ. ಹಿಂದೆ ವಾಟ್ಸಾಪ್ ಒಂದು ಫೋಟೊ ಎಳೆದರೂ ಸಾಕು, ಪಾಲು ಕಡಿಮೆಯಾಯಿತು. ಹೀಗಾದದ್ದು ಗೊತ್ತಾಗುವುದು ಹೇಗೆಂದರೆ, ಒಂದಷ್ಟು ಸೆಕೆಂಡ್ ಚೆನ್ನಾಗಿ ಓಡಿ, ನಿಂತು, ಮತ್ತೆ ಅಷ್ಟೇ ಓಡುತ್ತದೆ. ಸಿಗ್ನಲ್ ಕೆಟ್ಟಿದ್ದರೆ ಇಷ್ಟು ಕ್ರಮವಾಗಿ ನಿಲ್ಲುವುದಿಲ್ಲ, ಗಾಡಿ ಮುಂದೆ ಹೋದ ಹಾಗೆ ಬದಲಾಗುತ್ತದೆ.

32 ಕೆಬಿಪಿಎಸ್ ಸ್ಟ್ರೀಮ್ ಸಿಕ್ಕರೆ ಅದು ಓಡುತ್ತದೆ. ಇಲ್ಲದಿದ್ದರೆ ಮೇಷ್ಟ್ರು ಹೇಳಿದ ಹಾಗೆ ಫೈಲ್ ಇಳಿಸಿ. 4.8 ಎಂಬಿ ಫೈಲ್ ಆ ಸ್ಪೀಡಿನಲ್ಲಿ ಬರಲು ಹತ್ತು ನಿಮಿಷದ ಮೇಲೆ ಬೇಕು. ಚಹಾಕ್ಕೆ ನಿಲ್ಲಿಸಿದಾಗ ಡೌನ್‌ಲೋಡ್ ಒತ್ತಿಬಿಡಿ, ಹೊರಡುವ ಹೊತ್ತಿಗೆ ಸಿದ್ಧವಾಗಿರುತ್ತದೆ. ಆ ಹೊತ್ತಿನಲ್ಲಿ ಡೇಟಾ ಸೇವರ್ ಆನ್ ಇರಲಿ, ಬೇರೆ ಆಪ್‌ಗಳು ಹಿನ್ನೆಲೆಯಲ್ಲಿ ಪಾಲು ಕೇಳುವುದಿಲ್ಲ.

ಕೇಳಿದವರು: ಮೇಷ್ಟ್ರೇ, ತಾಣಕ್ಕೆ ಹೋಗಿ ಹುಡುಕಿ ಇಳಿಸುವುದು ಅಪ್ಪನಿಗೆ ಕಷ್ಟ. ಒಂದೇ ಒತ್ತಿನಲ್ಲಿ ಮಾತಾಡಬೇಕು. ಮತ್ತೆ ಆಪ್ ಸ್ಟ್ರೀಮ್ 64ರದ್ದೋ 128ರದ್ದೋ ತಿಳಿಯುವುದು ಹೇಗೆ?

ಸ್ಟ್ರೀಮಿಂಗ್ ಕೆಲಸದವ: ಅಳೆದು ನೋಡಿ. ಫೋನ್ ಸೆಟ್ಟಿಂಗ್ಸ್‌ನಲ್ಲಿ ಆ ಆಪ್ ತೆರೆದರೆ ಮೊಬೈಲ್ ಡೇಟಾ ಎಷ್ಟು ಬಳಕೆಯಾಗಿದೆ ಎಂದು ಇರುತ್ತದೆ, ಬರೆದುಕೊಳ್ಳಿ. ಸರಿಯಾಗಿ ಹತ್ತು ನಿಮಿಷ ಕೇಳಿ, ಮತ್ತೆ ನೋಡಿ. ಐದು ಎಂಬಿ ಆಸುಪಾಸು ಹೆಚ್ಚಾಗಿದ್ದರೆ 64, ಹತ್ತರ ಹತ್ತಿರ ಆದರೆ 128. ಹದಿನೈದು ಇಪ್ಪತ್ತು ತೋರಿಸಿದರೆ ಆಪ್ ಧ್ವನಿಯ ಜೊತೆ ಚಿತ್ರವನ್ನೋ ಜಾಹೀರಾತನ್ನೋ ಎಳೆಯುತ್ತಿದೆ ಎಂದರ್ಥ. ಮೊದಲ ಸಲ ತೆರೆದಾಗ ಕೇಂದ್ರಗಳ ಚಿತ್ರಗಳನ್ನೆಲ್ಲ ತರುವುದರಿಂದ ಲೆಕ್ಕ ಜಾಸ್ತಿ ಬರುತ್ತದೆ. ಎರಡನೇ ಸಲದ್ದನ್ನೇ ನಂಬಿ.

ಒಂದೇ ಒತ್ತಿನದ್ದು ಬೇಕಾದರೆ RadioDroid ನೋಡಿ, F-Droid ಎಂಬ ಉಚಿತ ಆಪ್ ತಾಣದಲ್ಲಿ ಸಿಗುತ್ತದೆ. ಕೇಂದ್ರದ ಹೆಸರಿನ ಜೊತೆ ಕೆಬಿಪಿಎಸ್ ಬರೆದಿರುತ್ತದೆ, ಆರಿಸುವಾಗಲೇ ಹಗುರವಾದದ್ದನ್ನು ಹಿಡಿಯಬಹುದು. ಅಲಾರಂ ಥರ ಹೊತ್ತು ಇಟ್ಟರೆ ತಾನೇ ಶುರುವಾಗುತ್ತದೆ. ಆದರೆ ಆ ಪಟ್ಟಿಯನ್ನು ಬಳಕೆದಾರರೇ ಸೇರಿಸುವುದು. ಪ್ರಸಾರಕರು ಕೊಂಡಿ ಬದಲಿಸಿದರೆ ಒಂದು ಬೆಳಗ್ಗೆ ಸುಮ್ನೆ ಸದ್ದೇ ಬರುವುದಿಲ್ಲ. ಅಪ್ಪನಿಗೆ ಅದು ಯಾಕೆಂದು ತಿಳಿಯುವುದಿಲ್ಲ. ಆದ್ದರಿಂದ ಅಧಿಕೃತ ಆಪ್ ಕೂಡ ಪಕ್ಕದಲ್ಲೇ ಇರಲಿ.

ತೀರ್ಥಹಳ್ಳಿ ಮೇಷ್ಟ್ರು: ನೇರ ಪ್ರಸಾರ ಹಾಕುವುದಾದರೆ ಇನ್ನೊಂದು ವಿಷಯ. ಇಂಟರ್ನೆಟ್‌ನಲ್ಲಿ ಬರುವುದು ರೇಡಿಯೊಗಿಂತ ಹಿಂದೆ ಇರುತ್ತದೆ. ಗಂಟೆ ಸೂಚಿಸುವ ಪಿಪ್ ಪಿಪ್ ಕೇಳಿ ಗಡಿಯಾರ ಸರಿಮಾಡುವ ಅಭ್ಯಾಸ ಅಪ್ಪನಿಗಿದ್ದರೆ ಮೊದಲೇ ಹೇಳಿಬಿಡಿ.

ಹಾಸನ, ಮೊಬೈಲ್ ಅಂಗಡಿ: ಸ್ಕ್ರೀನ್ ಆರಿದ ಮೇಲೆ ಕೆಲವು ಫೋನ್‌ಗಳಲ್ಲಿ ರೇಡಿಯೊ ಆಪ್ ಕೂಡ ಐದು ನಿಮಿಷಕ್ಕೆ ನಿಲ್ಲುತ್ತದೆ. ಬ್ಯಾಟರಿ ಉಳಿಸುವ ಸೆಟ್ಟಿಂಗ್ ಅದನ್ನು ಕೊಲ್ಲುತ್ತದೆ. ಆಪ್‌ನ ಬ್ಯಾಟರಿ ಆಯ್ಕೆಯಲ್ಲಿ ನಿರ್ಬಂಧ ಬೇಡ ಎಂದು ಇಡಿ. ಇದನ್ನು ದಿನಾ ಮಾಡಿಕೊಡುತ್ತೇನೆ, ಖಂಡಿತ ಕೆಲಸ ಮಾಡುತ್ತದೆ.

ಧಾರವಾಡದವಳು: ಫೋನಿನಲ್ಲೇ ಎಫ್‌ಎಂ ಇರುತ್ತಲ್ಲ, ಅದನ್ನೂ ಒಮ್ಮೆ ನೋಡಿ. ತಂತಿ ಇರುವ ಇಯರ್‌ಫೋನ್ ಚುಚ್ಚಿದರೆ ಮಾತ್ರ ಹಿಡಿಯುತ್ತದೆ, ಆ ತಂತಿಯೇ ಏರಿಯಲ್. ಎಫ್‌ಎಂ ಸೌಲಭ್ಯವನ್ನು ಮುಚ್ಚಬೇಡಿ ಎಂದು 2023ರಲ್ಲಿ ಕೇಂದ್ರ ಸರ್ಕಾರವೇ ಫೋನ್ ಮಾಡುವವರಿಗೆ ಹೇಳಿದೆ. ಮನೆಯಲ್ಲಿ ಸಿಗದಿದ್ದರೂ ಅಪ್ಪ ಪೇಟೆಗೆ ಹೋದಾಗ ಸಿಗಬಹುದು.

ಕೇಳಿದವರು: ಸರಿ, ಬ್ಯಾಟರಿ ಸೆಟ್ಟಿಂಗ್ ಬದಲಿಸಿ, ಎರಡೂ ಆಪ್ ಹಾಕಿ, ಹತ್ತು ನಿಮಿಷದ ಲೆಕ್ಕ ತೆಗೆಯುತ್ತೇನೆ. ಒಂದು ಉಳಿಯಿತು. ಫೋನ್ ಬಂದಾಗ ರೇಡಿಯೊ ನಿಲ್ಲುತ್ತದೆ, ಮಾತು ಮುಗಿದ ಮೇಲೆ ಮತ್ತೆ ಶುರುವಾಗುವುದಿಲ್ಲ. ವಾರ್ತೆ ಹೊತ್ತಿಗೇ ಅಕ್ಕ ಫೋನ್ ಮಾಡುತ್ತಾಳೆ. ಯಾರಿಗಾದರೂ ಇದಕ್ಕೆ ದಾರಿ ಗೊತ್ತಾ?

ಸ್ಟ್ರೀಮಿಂಗ್ ಕೆಲಸದವ: ಅದು ಆಪ್ ಬರೆದವರ ಕೈಯಲ್ಲಿದೆ. ಕೆಲವು ಮತ್ತೆ ಶುರುಮಾಡುತ್ತವೆ, ಕೆಲವು ಮಾಡುವುದಿಲ್ಲ. VLCಯಲ್ಲಿ ಒಮ್ಮೆ ಪ್ರಯತ್ನಿಸಿ ಇಲ್ಲೇ ತಿಳಿಸಿ.